ಒಂದನೇ ತರಗತಿಯ ‘ಕುಟುಂಬ ಮತ್ತು ನೆರೆಹೊರೆಯ ಸಹಾಯಕರು’ ಪಾಠ: ಮನೆ ಸಂದರ್ಶನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ತಾಲ್ಲೂಕಿನ ನಾಲೆ ಬಯಲಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಲಿ-ಕಲಿ ತರಗತಿ ನಡೆಸುತ್ತೇನೆ. ಪರಿಸರ ಅಧ್ಯಯನದ ಈ ಪಾಠ ಬಂದಾಗಲೆಲ್ಲ ಪೋಷಕರೂ ಹೊಸದಾಗಿ ಸೇರಿದ ಶಿಕ್ಷಕರೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಅವುಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಪಾಠದ ಉಳಿದ ಚಟುವಟಿಕೆಗಳನ್ನು ಬದಿಗಿಟ್ಟು, ಮಗು ತನ್ನ ಮನೆಯವರಿಗೆ ಪ್ರಶ್ನೆ ಕೇಳಿಕೊಂಡು ಬರುವ ಮನೆ ಸಂದರ್ಶನವನ್ನೇ ಹಿಡಿದು ಬರೆದಿದ್ದೇನೆ, ಏಕೆಂದರೆ ಹೆಚ್ಚು ಎಡವುವುದು ಅಲ್ಲಿಯೇ.

ಆರು ವರ್ಷದ ಮಗುವಿಗೆ ಓದಲು ಬರೆಯಲು ಬರುವುದಿಲ್ಲ. ಅದು ಸಂದರ್ಶನ ಮಾಡುವುದು ಹೇಗೆ?

ಬಾಯಿಂದ ಕೇಳಿ, ಕಿವಿಯಿಂದ ಕೇಳಿಸಿಕೊಂಡು, ಮರುದಿನ ತರಗತಿಯಲ್ಲಿ ಬಾಯಿಂದ ಹೇಳುವುದು. ಅಷ್ಟೇ ಸಂದರ್ಶನ. ಬರವಣಿಗೆ ಇದರಲ್ಲಿ ಇಲ್ಲವೇ ಇಲ್ಲ. ಪ್ರಶ್ನೆಗಳನ್ನು ಅಚ್ಚು ಹಾಕಿಸಿ, ಕೆಳಗೆ ಗೆರೆ ಎಳೆದು, ಉತ್ತರ ತುಂಬಿಸಿಕೊಂಡು ಬಾ ಎಂದು ಕಳಿಸಿದರೆ ಆ ಹಾಳೆಯನ್ನು ಅಣ್ಣನೋ ಅಕ್ಕನೋ ತುಂಬುತ್ತಾರೆ. ಮಗು ಅದನ್ನು ಅಂಚೆಯಣ್ಣನ ಹಾಗೆ ಮನೆಯಿಂದ ಶಾಲೆಗೆ ತಲುಪಿಸುತ್ತದೆ, ಒಳಗೇನಿದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ.

ನಾನು ಮಾಡುವುದು ಇಷ್ಟು. ದಿನಕ್ಕೆ ಒಂದೇ ಪ್ರಶ್ನೆ. ಶಾಲೆ ಬಿಡುವ ಮುನ್ನ ಆ ಪ್ರಶ್ನೆಯನ್ನು ಮಕ್ಕಳು ಜೋಡಿ ಜೋಡಿಯಾಗಿ ಕುಳಿತು ಪರಸ್ಪರ ಕೇಳಿಕೊಳ್ಳುತ್ತಾರೆ. ಒಬ್ಬರು ಅವ್ವ, ಇನ್ನೊಬ್ಬರು ಮಗು. ಎರಡು ಮೂರು ಸಲ ಹೀಗೆ ಆಡಿದರೆ ಪ್ರಶ್ನೆ ನಾಲಗೆಯ ಮೇಲೆ ನಿಲ್ಲುತ್ತದೆ. ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೊಟ್ಟು ನೋಡಿದ್ದೇನೆ: ಮನೆಗೆ ಹೋಗುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ, ಕೊನೆಯದು ಮಾತ್ರ ಉಳಿದಿರುತ್ತದೆ.

ಉತ್ತರವನ್ನು ನೆನಪಿಡಲು ಹುಣಸೆ ಬೀಜ ಕೊಡುತ್ತೇನೆ. ಪ್ರತಿ ಮಗುವಿಗೂ ಒಂದು ಖಾಲಿ ಬೆಂಕಿಪೊಟ್ಟಣ ಮತ್ತು ಒಂದು ಹಿಡಿ ಬೀಜ. ಅವ್ವ ಒಂದು ಕೆಲಸ ಹೇಳಿದರೆ ಒಂದು ಬೀಜ ಪೊಟ್ಟಣಕ್ಕೆ. ಮರುದಿನ ಮಗು ಒಂದೊಂದೇ ಬೀಜವನ್ನು ಹೊರಗಿಡುತ್ತಾ ಒಂದೊಂದೇ ಕೆಲಸ ಹೇಳುತ್ತದೆ. ಬೀಜ ಉಳಿದು ಮಾತು ನಿಂತರೆ, ‘ಇನ್ನೂ ಏನೋ ಇತ್ತು’ ಎಂದು ಮಗುವಿಗೇ ಗೊತ್ತಾಗಿ ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ತಮ್ಮನೋ ತಂಗಿಯೋ ಇದ್ದರೆ ಬೀಜ ಬೇಡ, ಮೂಗಿಗೋ ಬಾಯಿಗೋ ಹಾಕಿಕೊಂಡಾವು. ಅಂಥ ಮಕ್ಕಳಿಗೆ ಸ್ಲೇಟಿನ ಮೇಲೆ ಗೀಟು ಹಾಕಲು ಹೇಳುತ್ತೇನೆ.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಯಾವುವು?

ನಾಲ್ಕು. ನಾಲ್ಕು ದಿನಕ್ಕೆ ಒಂದೊಂದು, ಇದೇ ಕ್ರಮದಲ್ಲಿ:

ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ಯಾರು ಯಾರು ಊಟ ಮಾಡಿದೆವು?

ನಾನು ಏಳುವುದಕ್ಕೆ ಮೊದಲು ನೀನು ಏನೇನು ಕೆಲಸ ಮಾಡಿರುತ್ತೀಯ?

ಆ ಕೆಲಸಕ್ಕೆ ಏನು ಸಾಮಾನು ಬೇಕು? ನನಗೆ ತೋರಿಸು.

ಆ ಕೆಲಸದಲ್ಲಿ ನಿನಗೆ ಮನೆಯ ಹೊರಗಿನವರು ಯಾರು ಸಹಾಯ ಮಾಡುತ್ತಾರೆ?

ಇವುಗಳಲ್ಲಿ ಎಲ್ಲಿಯೂ ‘ನಿನ್ನ ಕೆಲಸ ಏನು?’ ಎಂಬ ಪ್ರಶ್ನೆ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ‘ಕೆಲಸ ಏನು’ ಎಂದು ಕೇಳಿದರೆ ಬರುವುದು ಒಂದು ಹೆಸರು: ರೈತ, ಡ್ರೈವರ್, ಗೃಹಿಣಿ. ‘ಏನೇನು ಮಾಡಿರುತ್ತೀಯ’ ಎಂದು ಕೇಳಿದರೆ ಬರುವುದು ಕ್ರಿಯಾಪದಗಳು: ಬಾಚುತ್ತೇನೆ, ಕರೆಯುತ್ತೇನೆ, ಹೊರುತ್ತೇನೆ, ಬೇಯಿಸುತ್ತೇನೆ. ಆರು ವರ್ಷದ ಮಗುವಿಗೆ ‘ರೈತ’ ಎಂಬುದು ಚಿತ್ರಪಟದ ಮೇಲಿನ ಪೇಟದ ಮನುಷ್ಯ. ‘ಕಬ್ಬಿಗೆ ನೀರು ಕಟ್ಟುತ್ತೇನೆ’ ಎಂಬುದು ತನ್ನ ಅಪ್ಪ. ಈ ಪಾಠದಲ್ಲಿ ಬರುವ ಬಹುಪಾಲು ಕಷ್ಟಗಳು, ಅಂದರೆ ಅಮ್ಮನ ಕೆಲಸ ಲೆಕ್ಕಕ್ಕೆ ಬಾರದಿರುವುದು, ಕೆಲಸ ಕಳೆದುಕೊಂಡ ಅಪ್ಪ, ಜಾತಿಯ ಜೊತೆ ಅಂಟಿಕೊಂಡ ಕಸುಬಿನ ಹೆಸರು, ಇವೆಲ್ಲ ಹುಟ್ಟುವುದು ಹೆಸರು ಕೇಳಿದಾಗ. ಮಾಡುವುದನ್ನು ಕೇಳಿದರೆ ಅರ್ಧಕ್ಕರ್ಧ ಕರಗುತ್ತವೆ.

‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಎಂದು ನೇರವಾಗಿ ಕೇಳಿದರೆ ಸಾಲದೆ? ಊಟದ ಮಾತು ಏಕೆ?

ಎಷ್ಟು ಜನ ಎಂದರೆ ಮಗು ಯಾರನ್ನು ಎಣಿಸಬೇಕು? ಬೆಂಗಳೂರಿನಲ್ಲಿ ದುಡಿದು ತಿಂಗಳಿಗೊಮ್ಮೆ ಬರುವ ಅಪ್ಪನನ್ನು ಎಣಿಸಬೇಕೆ? ಪಕ್ಕದ ಅಂಕಣದಲ್ಲಿ ಬೇರೆ ಒಲೆ ಹೂಡಿರುವ ಚಿಕ್ಕಪ್ಪನನ್ನು? ಹೆರಿಗೆಗೆ ಬಂದಿರುವ ಅತ್ತೆಯನ್ನು? ದೊಡ್ಡವರಿಗೇ ಉತ್ತರ ಸಲೀಸಲ್ಲ. ‘ನಿನ್ನೆ ರಾತ್ರಿ ಯಾರು ಯಾರು ಉಂಡೆವು’ ಎಂದರೆ ಮಗು ಕಣ್ಣು ಮುಚ್ಚಿ ತಟ್ಟೆಗಳನ್ನು ಎಣಿಸುತ್ತದೆ. ಅದು ಕಂಡದ್ದು, ಖಚಿತ.

ಈ ಪ್ರಶ್ನೆಗೆ ಇನ್ನೊಂದು ಕಾರಣವೂ ಇದೆ. ನಮ್ಮ ತರಗತಿಗಳಲ್ಲಿ ಅಪ್ಪ ಇಲ್ಲದ ಮಕ್ಕಳಿದ್ದಾರೆ, ಅಜ್ಜಿಯ ಮನೆಯಲ್ಲಿ ಬೆಳೆಯುವವರಿದ್ದಾರೆ, ಕಬ್ಬು ಕಡಿಯಲು ಬಂದು ಗದ್ದೆಯಂಚಿನ ಗುಡಿಸಲಿನಲ್ಲಿರುವ ಕುಟುಂಬಗಳ ಮಕ್ಕಳು ಕೆಲವು ತಿಂಗಳು ಬಂದು ಹೋಗುತ್ತಾರೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಮೂಲೆಯಲ್ಲಿ ತಾತ ಅಜ್ಜಿ ಇರುವ ಚಿತ್ರವನ್ನು ಮೊದಲೇ ಗೋಡೆಗೆ ಅಂಟಿಸಿ ‘ನಿಮ್ಮ ಕುಟುಂಬವನ್ನು ಬರೆಯಿರಿ’ ಎಂದರೆ ಆ ಮಕ್ಕಳು ಚಿತ್ರಕ್ಕೆ ತಕ್ಕಂತೆ ಸುಳ್ಳು ಹೇಳುತ್ತಾರೆ. ಒಮ್ಮೆ ತಂದೆ ತೀರಿಕೊಂಡ ಹುಡುಗನೊಬ್ಬ ಹಾಳೆಯ ಮೇಲೆ ಅಪ್ಪನನ್ನು ಬರೆದು, ‘ಬೈಕ್‌ನಲ್ಲಿ ಹೋಗಿದ್ದಾರೆ’ ಎಂದ. ಅಂದಿನಿಂದ ನಾನು ಆ ಚಿತ್ರಪಟವನ್ನು ಪಾಠ ಮುಗಿಯುವವರೆಗೆ ಹೊರಗೆ ತೆಗೆಯುವುದಿಲ್ಲ.

ಊಟಕ್ಕೆ ಇರದಿದ್ದರೂ ಮಗುವಿನ ಮನಸ್ಸಿನಲ್ಲಿ ಇರುವವರ ಮಾತು ಬಂದರೆ ತಡೆಯುವುದಿಲ್ಲ. ಹಾಳೆಯ ಹಿಂಬದಿಯಲ್ಲಿ ಅವರಿಗೂ ಜಾಗ ಕೊಡುತ್ತೇನೆ. ಅಲ್ಲಿ ಬೇಕಾದವರನ್ನು ಬರೆಯಬಹುದು, ಎಮ್ಮೆಯನ್ನೂ.

ಪ್ರಶ್ನೆಯಲ್ಲಿ ‘ನೀನು’ ಎಂದಿದೆಯಲ್ಲ? ಮಕ್ಕಳಿಗೆ ‘ನೀವು’ ಎಂದು ಕಲಿಸಬೇಕಲ್ಲವೇ?

ನಮ್ಮ ಕಡೆಯ ಬಹಳ ಮನೆಗಳಲ್ಲಿ ಮಗು ಅವ್ವನನ್ನೂ ಅಜ್ಜಿಯನ್ನೂ ‘ನೀನು’ ಎನ್ನುತ್ತದೆ. ಅದು ಅಗೌರವವಲ್ಲ, ಹತ್ತಿರದ ಮಾತು. ‘ಅವ್ವಾ, ನೀವು ಏನೇನು ಕೆಲಸ ಮಾಡಿರುತ್ತೀರಿ’ ಎಂದು ಕೇಳಿದರೆ ಅವ್ವ ನಗುತ್ತಾಳೆ, ಸಂದರ್ಶನ ಅಲ್ಲಿಗೇ ಮುಗಿಯುತ್ತದೆ. ಮನೆಯಲ್ಲಿ ‘ನೀವು’ ಎನ್ನುವ ರೂಢಿ ಇದ್ದವರು ಹಾಗೆಯೇ ಕೇಳಲಿ.

ಆದರೆ ನೆರೆಹೊರೆಯವರ ಬಳಿಗೆ ಹೋದಾಗ ಎಲ್ಲರಿಗೂ ‘ನೀವು’, ಒಬ್ಬರನ್ನೂ ಬಿಡದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮಗು ‘ಅಮ್ಮ ಏನೂ ಮಾಡುವುದಿಲ್ಲ, ಮನೆಯಲ್ಲೇ ಇರುತ್ತಾರೆ’ ಎಂದಿತು. ಏನು ಮಾಡಬೇಕು?

ಇದನ್ನು ಒಂದು ಉದಾಹರಣೆಯಿಂದಲೇ ಹೇಳುವುದು ಸರಿ.

ಒಂದು ವರ್ಷ ನಾನೂ ಅಚ್ಚಿನ ಹಾಳೆ ಕಳಿಸಿದ್ದೆ. ಒಬ್ಬ ಹುಡುಗಿಯ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ‘ನನ್ನ ತಾಯಿ ಗೃಹಿಣಿ’ ಎಂದಿತ್ತು. ‘ಗೃಹಿಣಿ ಎಂದರೇನಮ್ಮಾ?’ ಎಂದೆ. ಸುಮ್ಮನೆ ನಿಂತಳು. ಬರೆದದ್ದು ಏಳನೇ ತರಗತಿಯ ಅಣ್ಣ. ‘ಅವ್ವ ಏನು ಮಾಡುತ್ತಾರೆ?’ ಎಂದರೆ, ‘ಏನೂ ಇಲ್ಲ ಮಿಸ್’ ಎಂದಳು.

ಬೀಜದ ಪೊಟ್ಟಣ ಕೊಟ್ಟು ಎರಡನೆಯ ಪ್ರಶ್ನೆಯನ್ನು ಬಾಯಿಪಾಠ ಮಾಡಿಸಿ ಕಳಿಸಿದೆ. ಮರುದಿನ ಪೊಟ್ಟಣದಲ್ಲಿ ಒಂಬತ್ತು ಬೀಜಗಳಿದ್ದವು. ಕಸ ಗುಡಿಸಿ ನೀರು ಚಿಮುಕಿಸಿ ರಂಗೋಲಿ ಬಿಡುವುದು ಒಂದು. ಕೊಟ್ಟಿಗೆ ಬಾಚಿ ಸಗಣಿಯನ್ನು ತಿಪ್ಪೆಗೆ ಹಾಕುವುದು ಒಂದು. ಹಸುವಿಗೆ ಹುಲ್ಲು ಹಾಕುವುದು. ಕೆಚ್ಚಲು ತೊಳೆದು ಹಾಲು ಕರೆಯುವುದು. ಡೈರಿಗೆ ಹಾಲು ಹಾಕಿ ಬರುವುದು. ತೊಂಬೆಯಿಂದ ನೀರು ತರುವುದು. ಸೊಪ್ಪು ಬೇಯಿಸಿ ಬಸಿದು ಸಾರು ಮಾಡುವುದು. ಮುದ್ದೆ ಕಟ್ಟುವುದು. ಎಂಟು ಆಯಿತು. ಒಂಬತ್ತನೆಯ ಬೀಜ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿ, ‘ನನ್ನನ್ನು ಎಬ್ಬಿಸುವುದು’ ಎಂದಳು.

ಮೂರನೆಯ ದಿನ ಸಾಮಾನಿನ ಪ್ರಶ್ನೆ. ಅವಳು ಆರಿಸಿದ್ದು ಹಾಲಿನ ಕ್ಯಾನು. ಅದರ ಚಿತ್ರ ಬರೆದಳು, ಕ್ಯಾನಿಗಿಂತ ಮುಚ್ಚಳ ದೊಡ್ಡದಾಗಿತ್ತು. ನಾಲ್ಕನೆಯ ದಿನ ‘ಯಾರು ಸಹಾಯ ಮಾಡುತ್ತಾರೆ’. ಅವ್ವ ಮೂರು ಜನರನ್ನು ಹೇಳಿದ್ದರು. ಡೈರಿಯಲ್ಲಿ ಹಾಲು ಅಳೆದು, ನೀರು ಸೇರಿದೆಯೋ, ಜಿಡ್ಡು ಎಷ್ಟಿದೆಯೋ ನೋಡಿ ಚೀಟಿ ಕೊಡುವವರು. ಹಸುವಿಗೆ ಜ್ವರ ಬಂದಾಗ ಸೂಜಿ ಹಾಕಲು ಬರುವ ಪಶುವೈದ್ಯರು. ನಾಲೆಯ ತೂಬಿನಿಂದ ಹುಲ್ಲಿನ ಮಡಿಗೆ ನೀರು ಬಿಡುವ ಸೌಡಿ.

ನೆರೆಹೊರೆಯ ಸಹಾಯಕರು ಎಂಬ ಪಾಠದ ಎರಡನೇ ಭಾಗ ಅಲ್ಲಿಂದಲೇ ಶುರುವಾಯಿತು, ನಾನು ಬೇರೆ ಪೀಠಿಕೆ ಹಾಕಬೇಕಾಗಲಿಲ್ಲ. ಕರಿಹಲಗೆಯ ಮೇಲೆ ಕ್ಯಾನು ಬರೆದು ಅದರಿಂದ ಮೂರು ಗೆರೆ ಎಳೆದೆ. ಮೂರನೆಯ ಗೆರೆಯ ತುದಿಯಲ್ಲಿ ಸೌಡಿಯನ್ನು ಬರೆದಾಗ ಇನ್ನೊಬ್ಬ ಹುಡುಗ, ‘ನಮ್ಮ ಕಬ್ಬಿಗೂ ಅವರೇ ನೀರು ಬಿಡುವುದು’ ಎಂದ. ಮತ್ತೊಂದು ಗೆರೆ. ‘ಆ ನೀರು ಎಲ್ಲಿಂದ ಬರುತ್ತದೆ?’ ಎಂದರೆ ನಾಲ್ಕೈದು ಮಕ್ಕಳು ಒಟ್ಟಿಗೆ ‘ಕನ್ನಂಬಾಡಿ’ ಎಂದರು. ಅಣೆಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ, ನಾಲೆಯಿಂದ ತೂಬು, ತೂಬಿನಿಂದ ಗದ್ದೆ, ಗದ್ದೆಯಿಂದ ಹುಲ್ಲು, ಹುಲ್ಲಿನಿಂದ ಹಾಲು. ಒಂದನೇ ತರಗತಿಗೆ ಇಷ್ಟು ಉದ್ದದ ಸರಪಳಿಯನ್ನು ನಾನು ಕಲಿಸಲು ಹೊರಟಿರಲಿಲ್ಲ, ಮಕ್ಕಳೇ ಎಳೆದು ತಂದರು.

ಹುಡುಗಿಯ ಅವ್ವ ಮುಂದೆ ಒಂದು ದಿನ ಶಾಲೆಗೆ ಬಂದಾಗ ನನ್ನನ್ನು ಕೇಳಿದ್ದು: ‘ನಾನು ಮಾಡುವುದನ್ನೆಲ್ಲ ಯಾಕೆ ಎಣಿಸುತ್ತಿದ್ದಾಳೆ ಮೇಡಂ? ಹಾಲು ಕರೆಯುವಾಗಲೂ ಬಂದು ಬೀಜ ಹಾಕುತ್ತಾಳೆ.’ ಪಾಠ ಮುಗಿದು ಎರಡು ವಾರವಾಗಿತ್ತು.

ಉತ್ತರವನ್ನು ಮನೆಯವರೇ ಹೇಳಿಕೊಟ್ಟಿದ್ದಾರೆ ಎಂದು ಹೇಗೆ ತಿಳಿಯುತ್ತದೆ?

ಮಾತಿನಲ್ಲೇ ತಿಳಿಯುತ್ತದೆ. ‘ನನ್ನ ತಂದೆಯವರು ಕೃಷಿಕರು’ ಎಂದು ಆರು ವರ್ಷದ ಮಗು ತಾನಾಗಿ ಹೇಳುವುದಿಲ್ಲ. ಇನ್ನೊಂದು ಗುರುತು, ಇಡೀ ತರಗತಿಯ ಉತ್ತರಗಳು ಒಂದೇ ಅಚ್ಚಿನಲ್ಲಿ ಬರುವುದು. ಅನುಮಾನ ಬಂದರೆ ‘ಅದನ್ನು ಮಾಡಿ ತೋರಿಸು’ ಎನ್ನಿ. ಕಂಡಿದ್ದ ಮಗು ಕೈಯನ್ನು ಸರಿಯಾಗಿ ಆಡಿಸುತ್ತದೆ: ಹಾಲು ಕರೆಯುವಾಗ ಎರಡು ಕೈಗಳೂ ಒಂದಾದ ಮೇಲೊಂದು ಕೆಳಗೆ ಎಳೆಯುತ್ತವೆ, ಕಳೆ ಕೀಳುವಾಗ ಬೆನ್ನು ಬಾಗುತ್ತದೆ. ಕಾಣದ ಮಗು ಗಾಳಿಯಲ್ಲಿ ಕೈ ಬೀಸುತ್ತದೆ. ಹೇಳಿಕೊಟ್ಟಿದ್ದಾರೆಂದು ಮಗುವನ್ನು ಬೈಯುವುದು ಬೇಡ, ಅದೇ ಪ್ರಶ್ನೆಯನ್ನು ಮತ್ತೊಂದು ದಿನಕ್ಕೆ ಕೊಡಿ.

ಪೋಷಕರಿಗೆ ಮೊದಲೇ ಏನು ತಿಳಿಸಬೇಕು?

ಮೂರು ಮಾತು ಸಾಕು. ನಿಮ್ಮ ಮಗು ದಿನಕ್ಕೊಂದು ಪ್ರಶ್ನೆ ಕೇಳುತ್ತದೆ, ಕೆಲಸ ಮಾಡುತ್ತಲೇ ಉತ್ತರ ಹೇಳಿ. ಅದಕ್ಕಾಗಿ ಏನನ್ನೂ ಬರೆದು ಕೊಡಬೇಡಿ. ನಿಮ್ಮದು ಸಣ್ಣ ಕೆಲಸ ಎಂದು ಯಾವುದನ್ನೂ ಬಿಡಬೇಡಿ.

ಇದನ್ನು ಪೋಷಕರ ಸಭೆಯಲ್ಲಿ ಹೇಳುವುದಕ್ಕಿಂತ ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದವರಿಗೆ ಗೇಟಿನ ಬಳಿ ಹೇಳುವುದು ಮೇಲು. ಸಭೆಗೆ ಬರುವವರು ಕಡಿಮೆ. ಗೇಟಿಗೆ ಬರುವುದು ಹೆಚ್ಚಾಗಿ ಅಜ್ಜಿ ತಾತಂದಿರು. ಮನೆಯಲ್ಲಿ ಮಗುವಿನ ಪ್ರಶ್ನೆಗೆ ಪುರುಸೊತ್ತಿನಿಂದ ಉತ್ತರಿಸುವವರೂ ಅವರೇ.

ಯಾವ ಪ್ರಶ್ನೆಗಳನ್ನು ಕೇಳಿಸಲೇಬಾರದು?

ಸಂಬಳ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯದ್ದೋ, ನಿಮ್ಮದು ಯಾವ ಜನ, ಅಪ್ಪ ಯಾಕೆ ಮನೆಯಲ್ಲಿಲ್ಲ. ಇವುಗಳಲ್ಲಿ ಕೆಲವನ್ನು ಯಾರೂ ಬರೆದು ಕೊಡುವುದಿಲ್ಲ, ಆದರೆ ಪ್ರಶ್ನೆ ಸಡಿಲವಾಗಿದ್ದರೆ ಉತ್ತರ ಅತ್ತ ಜಾರುತ್ತದೆ. ‘ನಿಮ್ಮ ತಾತ ಏನು ಕಸುಬು ಮಾಡುತ್ತಿದ್ದರು?’ ಎಂಬ ಪ್ರಶ್ನೆ ಹೊರನೋಟಕ್ಕೆ ಸೊಗಸಾಗಿದೆ. ಹಳ್ಳಿಯ ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಕೇಳಿದರೆ ಯಾರ ತಾತ ಊರಿನ ಯಾವ ಬೀದಿಯವರು ಎಂಬುದೆಲ್ಲ ಹೊರಬರುತ್ತದೆ. ಮಕ್ಕಳು ಮರುದಿನವೇ ಅದನ್ನು ಆಟದ ಬಯಲಿಗೆ ಒಯ್ಯುತ್ತಾರೆ.

ಕಸುಬಿನ ಚಿತ್ರಪಟಗಳಲ್ಲೂ ಇದೇ ತೊಂದರೆ. ಕುಂಬಾರ, ಕಮ್ಮಾರ, ಮಡಿವಾಳ, ಚಮ್ಮಾರ ಎಂದು ಚಿತ್ರ ತೋರಿಸಿ ಹೆಸರು ಹೇಳಿಸಿದರೆ, ಆ ಹೆಸರು ತರಗತಿಯಲ್ಲಿ ಕುಳಿತ ಒಂದು ಮಗುವಿನ ಮನೆಯ ಜಾತಿಯ ಹೆಸರೂ ಆಗಿರುತ್ತದೆ. ಅದರಿಂದ ನಾನು ಕೆಲಸದಿಂದಲೇ ಹೇಳಿಸುತ್ತೇನೆ: ಮಡಕೆ ಮಾಡುವವರು, ಕುಡುಗೋಲು ಹದ ಮಾಡಿಕೊಡುವವರು, ಬಟ್ಟೆ ಇಸ್ತ್ರಿ ಮಾಡುವವರು, ಚಪ್ಪಲಿ ಹೊಲಿಯುವವರು. ಮಾತು ಸ್ವಲ್ಪ ಉದ್ದವಾಗುತ್ತದೆ, ಆಗಲಿ.

ನೆರೆಹೊರೆಯ ಸಹಾಯಕರಲ್ಲಿ ಯಾರನ್ನು ಸಂದರ್ಶಿಸಬೇಕು? ಪುಸ್ತಕದಲ್ಲಿ ಪೊಲೀಸ್, ವೈದ್ಯರು, ಅಂಚೆಯವರು ಇದ್ದಾರೆ.

ಮಗುವಿಗೆ ಗೊತ್ತಿರುವವರನ್ನು. ಪೊಲೀಸರೂ ಬೇಕು, ಅಗ್ನಿಶಾಮಕ ದಳವೂ ಬೇಕು. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿಗೆ 1098 ಎಂಬುದನ್ನು ಈ ಪಾಠದಲ್ಲೇ ಹಾಡಿನಂತೆ ಹೇಳಿಸುತ್ತೇನೆ. ಆದರೆ ಸಂದರ್ಶನಕ್ಕೆ ನಾನು ಆರಿಸುವುದು ನಾಲ್ಕನೆಯ ಪ್ರಶ್ನೆಯ ಉತ್ತರದಲ್ಲಿ ಹೆಚ್ಚು ಸಲ ಬಂದವರನ್ನು. ನಮ್ಮಲ್ಲಿ ಆಶಾ ಅಕ್ಕ, ಡೈರಿಯವರು, ಕರೆಂಟ್ ಹೋದರೆ ಬರುವ ಲೈನ್‌ಮನ್, ನೀರುಗಂಟಿ, ಶಾಲೆಯ ಬಿಸಿಯೂಟದ ಅಡುಗೆಯವರು ಹೀಗೆ ಬಂದವರು.

ಒಂದು ವರ್ಷಕ್ಕೆ ಒಬ್ಬರು ಸಾಕು. ಐದು ಜನರನ್ನು ಒಂದೇ ದಿನ ಕರೆಸಿ ಸಾಲಾಗಿ ನಿಲ್ಲಿಸಿದರೆ ಅದು ಸನ್ಮಾನ ಸಮಾರಂಭವಾಗುತ್ತದೆ.

ಆ ಸಂದರ್ಶನ ಹೇಗೆ ನಡೆಯುತ್ತದೆ? ಒಂದನ್ನು ವಿವರಿಸುವಿರಾ?

ಕಳೆದ ಸಲ ಕರೆದದ್ದು ನೀರುಗಂಟಿಯವರನ್ನು. ಶಾಲೆಗೆ ಕರೆಸಲಿಲ್ಲ, ನಾವೇ ಹೋದೆವು. ಓವರ್‌ಹೆಡ್ ಟ್ಯಾಂಕ್ ಶಾಲೆಯಿಂದ ಐದು ನಿಮಿಷದ ನಡಿಗೆ. ಮನುಷ್ಯರನ್ನು ಅವರ ಕೆಲಸದ ಜಾಗದಲ್ಲಿ ನೋಡಿದರೆ ಅರ್ಧ ಪ್ರಶ್ನೆಗಳನ್ನು ಮಕ್ಕಳ ಕಣ್ಣುಗಳೇ ಕೇಳುತ್ತವೆ. ಹಿಂದಿನ ದಿನವೇ ಹೋಗಿ ಅವರಿಗೆ ಯಾವ ಹೊತ್ತು ಅನುಕೂಲ ಎಂದು ಕೇಳಿ ಬಂದಿದ್ದೆ. ಬೆಳಿಗ್ಗೆ ನೀರು ಬಿಡುವ ಹೊತ್ತಿನಲ್ಲಿ ಅವರಿಗೆ ಉಸಿರಾಡಲೂ ಸಮಯವಿರುವುದಿಲ್ಲ, ಹನ್ನೊಂದರ ಮೇಲೆ ಬನ್ನಿ ಎಂದರು.

ಐದು ಪ್ರಶ್ನೆಗಳನ್ನು ಐದು ಮಕ್ಕಳಿಗೆ ಹಂಚಿದ್ದೆ. ‘ನಿಮ್ಮ ಹೆಸರೇನು? ನಿಮ್ಮನ್ನು ಏನೆಂದು ಕರೆಯಲಿ?’ ‘ಇವತ್ತು ಬೆಳಿಗ್ಗೆಯಿಂದ ಏನೇನು ಮಾಡಿದಿರಿ?’ ‘ಇದು ಏನು, ಇದರಿಂದ ಏನು ಮಾಡುತ್ತೀರಿ?’ ‘ನೀವು ಒಂದು ದಿನ ಬಾರದಿದ್ದರೆ ಏನಾಗುತ್ತದೆ?’ ‘ನಿಮಗೆ ಯಾರು ಸಹಾಯ ಮಾಡುತ್ತಾರೆ?’

ಮೊದಲನೆಯ ಪ್ರಶ್ನೆಯನ್ನು ಎಂದಿಗೂ ಬಿಡಬೇಡಿ. ಊರಿಗೆಲ್ಲ ಅವರು ‘ನೀರು ಬಿಡುವವನು’. ಮಕ್ಕಳು ಹೆಸರು ಕೇಳಿದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹೆಸರು ಹೇಳಿ, ‘ಮಾವ ಅನ್ನಿ’ ಎಂದರು. ಅಂದಿನಿಂದ ಮಕ್ಕಳು ಬೀದಿಯಲ್ಲಿ ಕಂಡರೆ ಹೆಸರು ಸೇರಿಸಿ ಮಾವ ಎಂದು ಕೂಗುತ್ತಾರೆ.

ಎರಡನೆಯ ಪ್ರಶ್ನೆಯಲ್ಲಿ ‘ಇವತ್ತು’ ಎಂಬ ಮಾತು ಮುಖ್ಯ. ಅದಿಲ್ಲದಿದ್ದರೆ ‘ಊರಿಗೆ ನೀರು ಬಿಡುತ್ತೇನೆ’ ಎಂಬ ಒಂದೇ ವಾಕ್ಯ ಬರುತ್ತದೆ. ಇವತ್ತು ಎಂದಾಗ ಅವರು ನೆನಪಿಸಿಕೊಂಡು ಹೇಳಿದರು: ಕತ್ತಲಲ್ಲೇ ಎದ್ದು ಮೋಟಾರ್ ಹಾಕಿದ್ದು, ಕರೆಂಟ್ ಹೋಗಿ ಕಾದದ್ದು, ಟ್ಯಾಂಕ್ ತುಂಬಿದ ಮೇಲೆ ಮೇಲಿನ ಬೀದಿಯ ವಾಲ್ವ್ ತಿರುಗಿಸಿದ್ದು, ಅದನ್ನು ನಿಲ್ಲಿಸಿ ಕೆಳಗಿನ ಬೀದಿಯದ್ದನ್ನು ಬಿಟ್ಟದ್ದು. ಎರಡು ಬೀದಿಗೂ ಒಟ್ಟಿಗೆ ಬಿಟ್ಟರೆ ತಗ್ಗಿನ ಕಡೆಗೇ ನೀರೆಲ್ಲ ಓಡಿ ಎತ್ತರದ ಮನೆಗಳಿಗೆ ಏರುವುದಿಲ್ಲ ಎಂದು ವಿವರಿಸಿದರು. ಮೂರನೆಯ ಪ್ರಶ್ನೆಗೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಮಕ್ಕಳ ಕೈಗೇ ಕೊಟ್ಟರು. ಇಬ್ಬರು ಸೇರಿದರೂ ತಿರುಗಿಸಲು ಆಗಲಿಲ್ಲ. ಬ್ಲೀಚಿಂಗ್ ಪುಡಿಯ ಡಬ್ಬವನ್ನು ದೂರದಿಂದ ತೋರಿಸಿ, ಇದು ನೀರಿನ ಕ್ರಿಮಿ ಕೊಲ್ಲುತ್ತದೆ, ಮುಟ್ಟಬೇಡಿ ಎಂದರು.

‘ನೀವು ಬಾರದಿದ್ದರೆ?’ ಎಂದು ಕೇಳಿದ್ದಕ್ಕೆ ಮಾವ ಉತ್ತರಿಸುವ ಮೊದಲೇ ಕೆಳಗಿನ ಬೀದಿಯ ಹುಡುಗಿಯೊಬ್ಬಳು, ‘ಅವ್ವ ಬೋರ್‌ವೆಲ್‌ಗೆ ಹೋಗುತ್ತಾಳೆ, ನನಗೆ ಸ್ನಾನ ಇಲ್ಲ’ ಎಂದಳು. ಕೊನೆಯ ಪ್ರಶ್ನೆಗೆ ಬಂದ ಉತ್ತರ ಲೈನ್‌ಮನ್. ಕರೆಂಟ್ ಇಲ್ಲದೆ ಮೋಟಾರ್ ಇಲ್ಲ. ಸಹಾಯ ಮಾಡುವವರಿಗೂ ಇನ್ನೊಬ್ಬರ ಸಹಾಯ ಬೇಕು ಎಂಬುದು ಮಕ್ಕಳಿಗೆ ನಿಜವಾಗಿಯೂ ಸೋಜಿಗದ ಸಂಗತಿಯಾಗಿತ್ತು.

ಹೋಗಿ ಬರಲು ಸೇರಿ ಮುಕ್ಕಾಲು ಗಂಟೆ. ಅದಕ್ಕಿಂತ ಹೆಚ್ಚು ಹೊತ್ತು ಒಂದನೇ ತರಗತಿಯವರು ನಿಲ್ಲುವುದಿಲ್ಲ.

ನಾವು ಮೈಸೂರಿನ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಇಲ್ಲಿ ನೀರುಗಂಟಿಯೂ ಇಲ್ಲ, ಡೈರಿಯೂ ಇಲ್ಲ.

ಬೆಳಿಗ್ಗೆ ಬಾಗಿಲ ಹಿಡಿಗೆ ಹಾಲಿನ ಪೊಟ್ಟಣದ ಚೀಲ ತೂಗುಹಾಕಿ ಹೋಗುವವರಿದ್ದಾರೆ. ಹಸಿ ಕಸ ಒಣ ಕಸ ಬೇರೆ ಮಾಡಿದ್ದೀರಾ ಎಂದು ನೋಡಿ ಒಯ್ಯುವ ಪೌರಕಾರ್ಮಿಕರಿದ್ದಾರೆ. ರಾತ್ರಿಯೆಲ್ಲ ಗೇಟಿನಲ್ಲಿ ಕೂರುವವರು, ಮನೆಕೆಲಸಕ್ಕೆ ಬರುವವರು, ಮೋಟಾರ್ ಹಾಕುವವರು ಇದ್ದಾರೆ. ಪ್ರಶ್ನೆಗಳು ಅವೇ.

ಪಟ್ಟಣದ ಪೋಷಕರಲ್ಲಿ ನನ್ನ ಒಂದು ಕೋರಿಕೆ ಇದೆ. ನಿಮ್ಮ ಮಗು ಶಾಲೆಯ ಶಿಕ್ಷಕಿಗೆ ‘ನೀವು’ ಎಂದು, ಕಸದ ಗಾಡಿಯವರಿಗೆ ‘ನೀನು’ ಎಂದು ಹೇಳುತ್ತಿದೆಯೇ ಎಂದು ಒಂದು ದಿನ ಗಮನಿಸಿ. ಮಗು ಅದನ್ನು ಶಾಲೆಯಲ್ಲಿ ಕಲಿಯುವುದಿಲ್ಲ, ಮನೆಯವರು ಬಾಗಿಲಲ್ಲಿ ನಿಂತು ಆಡುವ ಮಾತಿನಿಂದ ಕಲಿಯುತ್ತದೆ. ಕರ್ನಾಟಕದಲ್ಲಿ ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಆ ದಿನ ಹೂವು ಕೊಡುವುದು ಒಳ್ಳೆಯದೇ, ಆದರೆ ಉಳಿದ ದಿನಗಳಲ್ಲಿ ಹೆಸರು ಹಿಡಿದು ‘ನೀವು’ ಎನ್ನುವುದು ನನಗೆ ಹೆಚ್ಚು ಮುಖ್ಯ.

ಸಂದರ್ಶನಕ್ಕೆ ಮಗುವನ್ನು ಒಂಟಿಯಾಗಿ ಕಳಿಸಬೇಡಿ. ಸಹಾಯಕರೆಲ್ಲ ಒಳ್ಳೆಯವರು ಎಂದು ಪಾಠ ಹೇಳುತ್ತದೆ ನಿಜ, ಆದರೂ ಯಾರ ಮನೆಯೊಳಗೂ ಯಾರ ಗಾಡಿಯೊಳಗೂ ಒಂಟಿಯಾಗಿ ಹೋಗಬಾರದು ಎಂಬುದನ್ನು ಮಗುವಿಗೆ ಇದೇ ಸಂದರ್ಭದಲ್ಲಿ ಹೇಳಿ.

ನಮ್ಮದು ಸಿಬಿಎಸ್‌ಇ ಶಾಲೆ. ಒಂದನೇ ತರಗತಿಗೆ ಪರಿಸರ ಅಧ್ಯಯನದ ಪುಸ್ತಕವೇ ಇಲ್ಲವಲ್ಲ?

ಎನ್‌ಸಿಇಆರ್‌ಟಿ ಒಂದು ಮತ್ತು ಎರಡನೇ ತರಗತಿಗೆ ಪ್ರತ್ಯೇಕ ಪುಸ್ತಕ ಕೊಡುವುದಿಲ್ಲ. ಈ ವಿಷಯ ಭಾಷೆ ಮತ್ತು ಗಣಿತದೊಳಗೇ ಸೇರಿಕೊಂಡಿರುತ್ತದೆ. ಬೀಜ ಎಣಿಸುವುದು ಗಣಿತವೂ ಹೌದು, ಕೇಳಿದ್ದನ್ನು ಹೇಳುವುದು ಭಾಷೆಯೂ ಹೌದು. ಪುಸ್ತಕ ಇಲ್ಲವೆಂದು ನಿಲ್ಲಿಸಬೇಕಿಲ್ಲ.

‘ಅಂಕಲ್’, ‘ಆಂಟಿ’ ಬಿಟ್ಟು ಬೇರೆ ಸಂಬಂಧದ ಹೆಸರು ಮಗುವಿಗೆ ಬರುವುದಿಲ್ಲ. ಕಲಿಸುವುದು ಹೇಗೆ?

ಕನ್ನಡದಲ್ಲಿ ಒಂದು ಒಳ್ಳೆಯ ಪ್ರಶ್ನೆ ಸಿದ್ಧವಾಗಿಯೇ ಇದೆ: ‘ನೀವು ನನಗೆ ಏನಾಗಬೇಕು?’ ಹಬ್ಬಕ್ಕೋ ಮದುವೆಗೋ ನೆಂಟರು ಬಂದಾಗ ಮಗುವಿನಿಂದ ಇದನ್ನು ಕೇಳಿಸಿ. ‘ನಿಮ್ಮ ಅವ್ವನ ತಮ್ಮ ನಾನು, ನಿನಗೆ ಸೋದರಮಾವ’ ಎಂದು ಅವರೇ ವಿವರಿಸುತ್ತಾರೆ. ಹಿಂದೆಯೇ ‘ನಾನು ನಿಮಗೆ ಏನಾಗಬೇಕು?’ ಎಂದೂ ಕೇಳಲಿ. ಅಪ್ಪನ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ, ಅಕ್ಕತಂಗಿಯರು ಅತ್ತೆ, ಅಮ್ಮನ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಪಟ್ಟಿ ಮಾಡಿ ಉರು ಹೊಡೆಸಿದರೆ ಉಳಿಯುವುದಿಲ್ಲ, ಮುಖದ ಜೊತೆ ಬಂದರೆ ಉಳಿಯುತ್ತದೆ. ಒಂದನೇ ತರಗತಿಗೆ ನಾಲ್ಕೈದು ಸಂಬಂಧಗಳು ಸಾಕು.

ಒಬ್ಬರೇ ಶಿಕ್ಷಕರು, ಮೂರು ತರಗತಿಗಳು. ಪ್ರತಿ ಮಗುವಿನ ಉತ್ತರವನ್ನು ಬರೆದಿಡುವುದು ಯಾರು?

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿಯಲ್ಲಿ ಬೇರೆ ಬೇರೆ ಹಂತದ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂರುತ್ತಾರೆ. ಅದು ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಮೂರನೇ ತರಗತಿಯ ಮಗುವೊಂದು ಒಂದನೇ ತರಗತಿಯ ಮಗುವಿನ ಪಕ್ಕ ಕುಳಿತು, ಅದು ಬೀಜ ಇಡುತ್ತಾ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುತ್ತದೆ. ತಪ್ಪಕ್ಷರ ಬರುತ್ತವೆ. ಆಗ ತಿದ್ದಬೇಡಿ, ತಿದ್ದಲು ಕುಳಿತರೆ ಹೇಳುವ ಮಗು ಎದ್ದು ಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಒಂದೇ ಮನೆಯ ಅಕ್ಕ ತಮ್ಮಂದಿರನ್ನು ಜೋಡಿ ಮಾಡಬೇಡಿ. ಅಕ್ಕನೇ ಎಲ್ಲ ಹೇಳಿಬಿಡುತ್ತಾಳೆ.

ಮೌಲ್ಯಮಾಪನ ಹೇಗೆ?

ಎಷ್ಟು ಬೀಜ ತಂದಿತು ಎಂದು ನೋಡಬೇಡಿ, ಅದು ಮನೆಯ ಕೆಲಸದ ಲೆಕ್ಕವೇ ಹೊರತು ಮಗುವಿನ ಕಲಿಕೆಯ ಲೆಕ್ಕವಲ್ಲ. ನಾನು ನೋಡುವುದು ಎರಡನ್ನು. ಪ್ರಶ್ನೆಯನ್ನು ತಾನೇ ಕೇಳಿತೇ? ಕೆಲಸ, ಅದರ ಸಾಮಾನು, ಸಹಾಯ ಮಾಡಿದವರು, ಈ ಮೂರನ್ನು ಸೇರಿಸಿ ಒಂದಾದರೂ ಸಂಗತಿಯನ್ನು ಹೇಳಿತೇ? ಮಾತಾಡದ ಮಗು ಚಿತ್ರ ಬರೆದು ಬೆರಳಿಟ್ಟು ತೋರಿಸಿದರೂ ಹೇಳಿದಂತೆಯೇ.

ಮಕ್ಕಳ ಹಾಳೆಗಳನ್ನು ಆಮೇಲೆ ಏನು ಮಾಡಬೇಕು?

ದಾರದಿಂದ ಹೊಲಿದು ಪುಸ್ತಕ ಮಾಡಿ ಓದುವ ಮೂಲೆಯಲ್ಲಿಡುತ್ತೇನೆ. ಊಟದ ಪ್ರಶ್ನೆಯ ಹಾಳೆ ಮಾತ್ರ ಅದರಲ್ಲಿ ಇರುವುದಿಲ್ಲ. ಯಾರ ಮನೆಯಲ್ಲಿ ಯಾರಿದ್ದಾರೆ ಯಾರಿಲ್ಲ ಎಂಬುದು ಆ ಮನೆಯ ಮಾತು, ಅದನ್ನು ಮಗುವಿನ ಕೈಗೇ ಹಿಂದಿರುಗಿಸುತ್ತೇನೆ. ಯಾವ ಹಾಳೆಯ ಫೋಟೊವನ್ನೂ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವುದಿಲ್ಲ. ನೀರುಗಂಟಿ ಮಾವನ ಚಿತ್ರಗಳಲ್ಲಿ ಒಂದನ್ನು ಮಕ್ಕಳೇ ಆರಿಸಿ ಅವರಿಗೆ ಕೊಟ್ಟು ಬಂದರು. ಅದರಲ್ಲಿ ಮಾವನಿಗಿಂತ ವಾಲ್ವಿನ ಕೀಲಿ ಎತ್ತರವಾಗಿದೆ.